ಒಳಗಿನಿಂದಲೇ ಎಂದು ನಾನು ಹೇಳಿದ್ದು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ಕೆಲಸದ ವಿಷಯದಲ್ಲಿ ಯಾರಾದರೂ ಎದುರು ಮಾತಾಡಿದರೆ ಅದು ಇನ್ನೂ ಬೇಗ ಬರುತ್ತದೆ. ಮಣಿಪಾಲದಲ್ಲಿ ನನ್ನದೊಂದು ಸಣ್ಣ ಅಂಗಡಿ. ಮೊದಲು ಇನ್ವರ್ಟರ್ ಮಾರುತ್ತಿದ್ದೆ, ಆಮೇಲೆ ಸಿಸಿ ಕ್ಯಾಮೆರಾ ಹಾಕಿಸತೊಡಗಿದೆ, ಈಗ ಕೆಲವು ವರ್ಷಗಳಿಂದ ಮನೆಯ ಲೈಟು, ಏಸಿ, ಪಂಪು, ಗೇಟುಗಳನ್ನು ಫೋನಿನಿಂದ ನಡೆಸುವ ವ್ಯವಸ್ಥೆ ಮಾಡಿಕೊಡುತ್ತೇನೆ. ಕಾರ್ಕಳದ ಪಾಲಿಟೆಕ್ನಿಕ್ಕಿನಲ್ಲಿ ಕಲಿತದ್ದಕ್ಕಿಂತ ಹೆಚ್ಚನ್ನು ಏಣಿಯ ಮೇಲೆ ನಿಂತು ಕಲಿತವನು ಎಂಬ ಜಂಬ ನನಗೆ ಯಾವಾಗಲೂ ಇತ್ತು. ಆ ಜಂಬ ಈಗಲೂ ಪೂರ್ತಿ ಹೋಗಿಲ್ಲ. ಆದರೆ ಕಾಪುವಿನ ಒಂದು ಓಣಿಯ ಹೆಸರು ಕೇಳಿದರೆ ನನ್ನ ತಲೆ ತಾನಾಗಿ ತಗ್ಗುತ್ತದೆ. ಯಾಕೆಂದು ಬರೆದುಬಿಡುತ್ತೇನೆ.

ನಮ್ಮ ಕಸುಬಿನಲ್ಲಿ ಎರಡು ಪಂಗಡ. ಒಂದು, ಎಲ್ಲವೂ ಕಂಪನಿಯ ಸರ್ವರ್ ಮೂಲಕವೇ ಆಗಲಿ ಎನ್ನುವವರದು. ನೀವು ಸೋಫಾದ ಮೇಲೆ ಕುಳಿತು ತಲೆಯ ಮೇಲಿನ ಫ್ಯಾನಿಗೆ ಫೋನಿನಲ್ಲಿ ಹೇಳಿದ ಮಾತು ಎಲ್ಲೋ ದೂರದೇಶದ ಕಂಪ್ಯೂಟರಿಗೆ ಹೋಗಿ ವಾಪಸ್ಸು ಬಂದು ಫ್ಯಾನನ್ನು ತಿರುಗಿಸುತ್ತದೆ. ಇನ್ನೊಂದು ಪಂಗಡ ನನ್ನದು. ಮನೆಯೊಳಗೇ ಹಬ್ ಎಂಬ ಸಣ್ಣ ಪೆಟ್ಟಿಗೆ ಇರುತ್ತದೆ, ಮಾತು ಅದಕ್ಕೆ ಹೋಗುತ್ತದೆ, ಅದೇ ಸ್ವಿಚ್ಚಿಗೆ ಹೇಳುತ್ತದೆ, ನೆಟ್ ಇರಲಿ ಬಿಡಲಿ ಕೆಲಸ ನಡೆಯುತ್ತದೆ. ಗಿರಾಕಿಗಳ ಮುಂದೆ ನಾನು ಇದನ್ನು ಹರಿಕಥೆಯ ಹಾಗೆ ಹೇಳುತ್ತಿದ್ದೆ. "ಕಾಪುವಿನ ಗೇಟು ತೆರೆಯಲು ಪರದೇಶದವನ ಅಪ್ಪಣೆ ಎಂತಕ್ಕೆ?" ಎಂದು ಕೇಳಿದರೆ ಎಲ್ಲರೂ ನಗುತ್ತಿದ್ದರು, ಕೆಲಸವೂ ಸಿಗುತ್ತಿತ್ತು.

ಕಾಪುವಿನ ಆ ಮನೆಯವರಿಗೆ ನನ್ನ ಹರಿಕಥೆ ಬೇಕಾಗಲೇ ಇಲ್ಲ. ಅವರು ಆಗಲೇ ಅನುಭವಿಸಿದ್ದರು. ಮನೆಯೊಡತಿ ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸು, ಗಂಡನಿಗೂ ಅಲ್ಲೇ ಕೆಲಸ. ಮನೆ ಹೊಸದು, ವರ್ಷದಲ್ಲಿ ಒಂದೂವರೆ ತಿಂಗಳು ಮಾತ್ರ ಅವರು ಅದರಲ್ಲಿ ಇರುವುದು. ಮೊದಲು ಯಾರೋ ಹಾಕಿಕೊಟ್ಟಿದ್ದ ವ್ಯವಸ್ಥೆ ಪೂರ್ತಿ ಕಂಪನಿಯ ಸರ್ವರನ್ನು ನಂಬಿಕೊಂಡಿತ್ತು. ಹೆದ್ದಾರಿ ಬದಿಯಲ್ಲಿ ಯಾರಾದರೂ ಅಗೆದು ಕೇಬಲ್ ಕಡಿದರೆ ಮನೆಯೊಳಗೇ ಇದ್ದವರಿಗೂ ಗೇಟು ತೆರೆಯುತ್ತಿರಲಿಲ್ಲ. ಕಡೆಗೆ ಆ ಕಂಪನಿಯೇ ಬಾಗಿಲು ಹಾಕಿತು. ಅಷ್ಟೂ ಸ್ವಿಚ್ಚುಗಳು ಒಂದೇ ದಿನ ಕಿವುಡಾದವು. ರಜೆಯಲ್ಲಿ ಬಂದಿದ್ದ ಮನೆಯೊಡತಿ ನನಗೆ ಫೋನು ಮಾಡಿ, "ನಮಗೆ ಇನ್ನು ಯಾರ ಹಂಗೂ ಬೇಡ. ನಮ್ಮ ಮನೆಯ ಬುದ್ಧಿ ನಮ್ಮ ಮನೆಯಲ್ಲೇ ಇರಲಿ" ಎಂದರು. ನನಗೆ ಹಾಲು ಕುಡಿದಷ್ಟು ಖುಷಿಯಾಯಿತು.

ಆ ಮನೆಯನ್ನು ನೋಡಿಕೊಳ್ಳುತ್ತಿದ್ದವರು ಎರ್ಮಾಳಿನ ಒಬ್ಬ ಹೆಂಗಸು. ಐವತ್ತು ದಾಟಿದ ವಯಸ್ಸು, ಗಂಡ ದೋಣಿಗೆ ಹೋಗುತ್ತಿದ್ದವರು, ಈಗ ಸೊಂಟನೋವಿನಿಂದ ಮನೆಯಲ್ಲೇ ಇದ್ದಾರೆ. ಇವರು ಬೆಳಿಗ್ಗೆ ಬಸ್ಸಿನಲ್ಲಿ ಬಂದು ಕಿಟಕಿ ತೆರೆದು, ಗುಡಿಸಿ ಒರೆಸಿ, ಗಿಡಗಳಿಗೆ ನೀರು ಬಿಟ್ಟು, ಪಂಪು ಹಾಕಿ ಟ್ಯಾಂಕಿ ತುಂಬಿಸಿ, ಬೀಗ ಹಾಕಿ ಹೋಗುತ್ತಿದ್ದರು. ಅದೇ ಓಣಿಯ ಇನ್ನೆರಡು ಮನೆಗಳಲ್ಲೂ, ಎದುರುಮನೆ ಮತ್ತು ಪಕ್ಕದ ಮನೆಯಲ್ಲಿ, ಅವರದೇ ಕೆಲಸ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರಿಗೆ ನಾನು ಅಣ್ಣ. ನಮ್ಮಿಬ್ಬರ ಮಾತು ತುಳುವಿನಲ್ಲಿ ನಡೆಯುತ್ತಿತ್ತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಕೆಲಸ ಮಾಡಿದ ನಾಲ್ಕು ದಿನವೂ ಮಧ್ಯಾಹ್ನದ ಬಸ್ಸಿಗೆ ಹೊರಡುವ ಮುಂಚೆ ಅವರು ತಮ್ಮ ಬುತ್ತಿಯಲ್ಲಿ ನನಗೂ ಪಾಲು ಕೊಟ್ಟಿದ್ದರು. ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ. ಬೇಡವೆಂದರೆ ಸಿಟ್ಟಾಗುತ್ತಿದ್ದರು.

ಅಕ್ಕನಿಗಾಗಿಯೇ ನಾನು ಅಡುಗೆಮನೆಯ ಗೋಡೆಗೆ ಒಂದು ಟ್ಯಾಬ್ ಹಾಕಿದೆ. ಅದರ ಮೇಲೆ ದೊಡ್ಡ ದೊಡ್ಡ ಚಿತ್ರಗಳು: ಪಂಪು, ಗೇಟು, ಲೈಟು, ಏಸಿ. ಮೊದಲ ದಿನ ಅದು ಪಾಸ್‌ವರ್ಡ್ ಕೇಳಿತು. ಅಕ್ಕ ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದರು. ಎರಡು ಸಲ ತಪ್ಪು ಒತ್ತಿ, "ಇದು ನನಗಾಗುವ ಕೆಲಸ ಅಲ್ಲ ಅಣ್ಣ, ನಾನು ಹಳೇ ಸ್ವಿಚ್ಚೇ ಒತ್ತುತ್ತೇನೆ" ಎಂದರು. ನಾನು ಹಬ್‌ನಲ್ಲಿ ಒಂದು ನಿಯಮ ಬರೆದೆ. ಈ ಮನೆಯ ನೆಟ್‌ವರ್ಕಿನ ವಿಳಾಸಗಳಿಂದ ಯಾರೇ ಬಂದರೂ ಪಾಸ್‌ವರ್ಡ್ ಕೇಳಬೇಡ, 'ಮನೆ' ಎಂಬ ಹೆಸರಿನಲ್ಲಿ ಒಳಗೆ ಬಿಡು. ಬಾಗಿಲ ಒಳಗೆ ಇದ್ದವರು ಮನೆಯವರೇ ತಾನೆ, ಅವರನ್ನು ಯಾರೆಂದು ಕೇಳುವುದೇನು ಎಂಬುದು ನನ್ನ ಲೆಕ್ಕ. ನಿಯಮದಲ್ಲಿ ತಪ್ಪಿರಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇಲ್ಲ.

ಆದರೆ ಮಸ್ಕತ್ತಿನಲ್ಲಿ ಕೂತವರಿಗೆ ಕಾಪುವಿನ ಗೇಟು ಬೇಡವೇ? ಅವರಿಗೆ ಬೇಕಾಗಿದ್ದದ್ದೇ ಅದು. ನೆಂಟರು ಬಂದರೆ ಅಲ್ಲಿಂದಲೇ ತೆರೆಯಬೇಕು, ಟ್ಯಾಂಕಿಯಲ್ಲಿ ನೀರೆಷ್ಟಿದೆ ನೋಡಬೇಕು. ಇದಕ್ಕೆ ಮೂರು ದಾರಿಗಳಿದ್ದವು. ಹಬ್ ಮಾಡಿದವರದೇ ರಿಲೇ ಸೇವೆ ಒಂದು. ಹಬ್ ತಾನಾಗಿ ಹೊರಗೆ ಕರೆಮಾಡಿ ಅವರ ಸರ್ವರಿನೊಡನೆ ಸಂಪರ್ಕ ಹಿಡಿದುಕೊಂಡಿರುತ್ತದೆ, ಫೋನು ಆ ಸರ್ವರಿಗೆ ಹೇಳುತ್ತದೆ, ಸರ್ವರು ದಾಟಿಸುತ್ತದೆ. ಮನೆಯ ಕಡೆ ಯಾವ ಬಾಗಿಲನ್ನೂ ತೆರೆದಿಡಬೇಕಾಗಿಲ್ಲ. ಆ ಸರ್ವರು ಮಲಗಿದರೆ ಹೊರಗಿನವರಿಗೆ ಮಾತ್ರ ತೊಂದರೆ, ಮನೆಯೊಳಗಿನ ಕೆಲಸ ನಿಲ್ಲುವುದಿಲ್ಲ. ತಿಂಗಳಿಗಿಷ್ಟು ಎಂದು ಚಂದಾ ಕೊಡಬೇಕು, ಮೂರನೆಯವರನ್ನು ನಂಬಬೇಕು, ಅಷ್ಟೆ. ಎರಡನೆಯದು ವಿಪಿಎನ್, ಫೋನಿನಿಂದ ಮನೆಯವರೆಗೆ ಸುರಂಗದಂಥ ಒಂದು ಖಾಸಗಿ ದಾರಿ. ಅದಕ್ಕೆ ಮನೆಯೊಡತಿ ಒಪ್ಪಲಿಲ್ಲ. "ಅಲ್ಲಿ ವಿಪಿಎನ್ ಎಲ್ಲ ಹಾಕಿಕೊಂಡರೆ ಕೆಲಸಕ್ಕೆ ತೊಂದರೆ ಬಂದೀತು. ಅದು ಬೇಡ" ಎಂದರು. ಮೂರನೆಯದು ರೌಟರಿನಲ್ಲಿ ಪೋರ್ಟ್ ಎಂಬ ಒಂದು ಬಾಗಿಲು ತೆರೆದು, ಹೊರಗಿನವರು ನೇರ ಹಬ್‌ಗೆ ಬರುವ ಹಾಗೆ ಮಾಡುವುದು.

"ರಿಲೇ ಹಾಕಿಬಿಡಿ ಅಲ್ವಾ, ಸುಲಭ ಅಂತ ಹೇಳ್ತಾರೆ" ಎಂದು ಅವರ ಗಂಡ ಮೆಲ್ಲಗೆ ಹೇಳಿದ್ದರು. ನನಗೆ ರೇಗಿತು. "ಹಾಗಾದರೆ ಹಿಂದಿನ ಕಂಪನಿಗೂ ಇದಕ್ಕೂ ಎಂತ ವ್ಯತ್ಯಾಸ?" ಎಂದೆ. ವ್ಯತ್ಯಾಸ ಬೇಕಾದಷ್ಟಿತ್ತು, ಅದು ನನಗೆ ಗೊತ್ತೂ ಇತ್ತು. ಆದರೂ ಹಾಗೆ ಹೇಳಿದೆ. ಪಾಪ, ನಿಮಗೆ ಸರಿ ಕಂಡ ಹಾಗೆ ಮಾಡಿ ಎಂದರು ಅವರು.

ಕೇಬಲ್ ನೆಟ್ಟಿನವರಿಗೆ ಹೇಳಿ ಆ ಮನೆಗೆ ಬದಲಾಗದ ಸ್ವಂತ ವಿಳಾಸ ತರಿಸಿದೆ, ನೆಟ್ಟಿನಲ್ಲಿ ಒತ್ತಿ ಅಲ್ಲಿಗೆ ತಲುಪಲು ಅದಕ್ಕೆ ಒಂದು ಹೆಸರು ಕೊಟ್ಟೆ, ಪೋರ್ಟ್ ತೆರೆದೆ. ಹಬ್‌ನ ಮುಂದೆ ಒಂದು ಹಳೆಯ ಚಿಕ್ಕ ಕಂಪ್ಯೂಟರಿನಲ್ಲಿ ಪ್ರಾಕ್ಸಿ ಎಂಬ ಪ್ರೋಗ್ರಾಂ ಕೂರಿಸಿದೆ. ಅದನ್ನು ದ್ವಾರಪಾಲಕ ಎಂದುಕೊಳ್ಳಿ. ಹೊರಗಿನಿಂದ ಬಂದವರ ಮಾತನ್ನು ಬೇರೆಯವರಿಗೆ ಕೇಳದ ಹಾಗೆ ಪಡೆದು ಒಳಗೆ ತಲುಪಿಸುವುದು ಅದರ ಕೆಲಸ. ತಲುಪಿಸುವಾಗ, ಇವರು ನಿಜವಾಗಿ ಬಂದದ್ದು ಇಂಥ ವಿಳಾಸದಿಂದ ಎಂದು ಒಂದು ಚೀಟಿಯನ್ನೂ ಜೊತೆಗೆ ಕೊಡುತ್ತದೆ. ಆದರೆ ಹಬ್‌ಗೆ, ಈ ದ್ವಾರಪಾಲಕನ ಚೀಟಿಯನ್ನು ನಂಬಬಹುದು ಎಂದು ನಾವು ಮೊದಲೇ ಬರೆದುಕೊಡಬೇಕು. ಇಲ್ಲದಿದ್ದರೆ ಚೀಟಿ ಕಂಡ ಕೂಡಲೇ ಅದು ಬಂದವರನ್ನು ಹಿಂದೆ ಕಳಿಸುತ್ತದೆ. ನಾನು ಬರೆದಿರಲಿಲ್ಲ. ಹಬ್ ಎಲ್ಲರನ್ನೂ ಹಿಂದೆ ಕಳಿಸಿತು.

ಅವರ ವಿಮಾನ ಮಾರನೆಯ ದಿನ. ಸಂಜೆ ಐದೂವರೆ. ಅಂಗಡಿಯಿಂದ ಬೇರೆ ಫೋನು. ದೋಷ ಏನೆಂದು ಓದುವ ತಾಳ್ಮೆ ನನಗಿರಲಿಲ್ಲ. ಹಬ್‌ಗೆ ನಂಬಲು ಕಲಿಸುವ ಬದಲು, ದ್ವಾರಪಾಲಕನಿಗೆ ಚೀಟಿ ಬರೆಯುವುದನ್ನೇ ನಿಲ್ಲಿಸಿದೆ. ಎರಡು ಸಾಲು ಅಳಿಸಿದೆ, ಎಲ್ಲ ಸರಿಯಾಯಿತು. ಮನೆಯೊಡತಿ ವೈಫೈ ಆರಿಸಿ, ಫೋನಿನ ನೆಟ್ಟಿನಲ್ಲೇ ಗೇಟು ತೆರೆದು ನೋಡಿದರು, ಚಪ್ಪಾಳೆ ತಟ್ಟಿದರು. ನಾನು ಚಹಾ ಕುಡಿದು ಎದ್ದೆ.

ನಾನು ಮಾಡಿದ್ದು ಏನೆಂದು ಇಂದು ಒಂದೇ ಮಾತಿನಲ್ಲಿ ಹೇಳಬಲ್ಲೆ. ಚೀಟಿ ಇಲ್ಲದ ಮೇಲೆ, ಹೊರಗಿನಿಂದ ಯಾರೇ ಬಂದರೂ ಹಬ್‌ನ ಕಣ್ಣಿಗೆ ಅವರು ದ್ವಾರಪಾಲಕನ ವಿಳಾಸದಿಂದ ಬಂದವರು. ದ್ವಾರಪಾಲಕ ಇರುವುದು ಮನೆಯೊಳಗೆ. ಮನೆಯೊಳಗಿನಿಂದ ಬಂದವರಿಗೆ ಪಾಸ್‌ವರ್ಡ್ ಬೇಡವೆಂದು ನಾನೇ ನಿಯಮ ಬರೆದಿದ್ದೆ. ಲೋಕದ ಯಾರು ಬೇಕಾದರೂ ಆ ಹೆಸರನ್ನು ಒತ್ತಿ 'ಮನೆ' ಆಗಿ ಒಳಗೆ ಬರಬಹುದಿತ್ತು. ಹೆಸರು ಯಾರಿಗೆ ಗೊತ್ತಾಗುತ್ತದೆ ಎಂದು ಅಂದುಕೊಂಡಿದ್ದೆ. ಬ್ರೌಸರಿನಲ್ಲಿ ವಿಳಾಸದ ಪಕ್ಕ ಬೀಗದ ಚಿತ್ರ ಬರಲೆಂದು ನಾವು ತೆಗೆದುಕೊಳ್ಳುವ ಪ್ರಮಾಣಪತ್ರದಲ್ಲಿ ಆ ಹೆಸರು ಇರುತ್ತದೆ, ಅವುಗಳ ಪಟ್ಟಿ ಎಲ್ಲರಿಗೂ ಓದಲು ಸಿಗುತ್ತದೆ, ಅದನ್ನು ನೋಡಿಕೊಂಡು ತೆರೆದ ಬಾಗಿಲು ಹುಡುಕುವವರು ಹಗಲೂ ರಾತ್ರಿ ಅಲೆಯುತ್ತಿರುತ್ತಾರೆ.

ಎರಡು ತಿಂಗಳ ಮೇಲೆ ಮನೆಯೊಡತಿ ಮಸ್ಕತ್ತಿನಿಂದ ಒಂದು ಧ್ವನಿ ಸಂದೇಶ ಕಳಿಸಿದ್ದರು. "ಹೊಸ ಫೋನು ತಗೊಂಡೆ. ನಿಮ್ಮ ಆ್ಯಪ್ ಹಾಕಿದೆ. ಪಾಸ್‌ವರ್ಡ್ ಮರೆತಿತ್ತು, ಆದರೆ ಕೇಳಲೇ ಇಲ್ಲ ನೋಡಿ, ಎಷ್ಟು ಸುಲಭ ಮಾಡಿದ್ದೀರಿ!" ಅದನ್ನು ನಾನು ಹೊಗಳಿಕೆ ಎಂದುಕೊಂಡೆ. ಹಳೆಯ ಫೋನಿನಿಂದ ಎಲ್ಲ ಹೊಸದಕ್ಕೆ ಬಂದಿರಬೇಕು ಎಂದು ಭಾವಿಸಿ, ಕೈಮುಗಿಯುವ ಚಿತ್ರ ಕಳಿಸಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ದೂರುಗಳು ಶುರುವಾದವು. ಒಂದು ಮಧ್ಯಾಹ್ನ ಗೇಟು ತಾನಾಗಿ ತೆರೆದುಕೊಂಡಿತ್ತಂತೆ. ಓಣಿಯ ದನಗಳು ಒಳಗೆ ನುಗ್ಗಿ ಕ್ರೋಟನ್ ಗಿಡಗಳನ್ನೆಲ್ಲ ಬೋಳಿಸಿಬಿಟ್ಟಿದ್ದವು. ಎದುರುಮನೆಯವರು ಅವುಗಳನ್ನು ಓಡಿಸಿ, ಗೇಟು ಎಳೆದು, ಫೋಟೋ ಕಳಿಸಿದ್ದರು. ಆಮೇಲೆ ಏಸಿ. ಮೇಲಿನ ಮಲಗುವ ಕೋಣೆಯ ಏಸಿ ಮಧ್ಯಾಹ್ನ ಎರಡು ಮೂರು ಗಂಟೆ ಓಡಿದ್ದು ಮನೆಯೊಡತಿಯ ಫೋನಿನಲ್ಲಿ ಕಾಣುತ್ತಿತ್ತು. ಒಂದು ದಿನ ಅಲ್ಲ, ನಾಲ್ಕೈದು ದಿನ.

ಅವರು ನನಗೆ ಫೋನು ಮಾಡಿದರು. ಧ್ವನಿ ಸಣ್ಣದಾಗಿತ್ತು.

"ನೋಡಿ, ನನಗೆ ಯಾರ ಮೇಲೂ ಸಂಶಯ ಪಡಲು ಮನಸ್ಸಿಲ್ಲ. ಹೊರಗಿನಿಂದ ಯಾರಾದರೂ ಬಂದಿರಬಹುದಾ? ಅದನ್ನು ನೀವೇ ನೋಡಿ ಹೇಳಬೇಕು. ನೀವು ಹೇಳಿದಂತೆ ನಾನು ಮಾಡ್ತೇನೆ."

ಈ ಮಾತನ್ನು ಅವರು ಕೇಳಿದ್ದು ನನ್ನನ್ನು. ನಾನು ಅಂಗಡಿಯಲ್ಲಿ ಕುಳಿತು ಆ ಮನೆಯ ಹಬ್‌ನ ಲಾಗ್ ತೆರೆದೆ. ಯಾರು ಯಾವಾಗ ಒಳಗೆ ಬಂದರು ಎಂದು ಅದು ಬರೆದಿಡುತ್ತದೆ. ಆ ಎಲ್ಲ ಮಧ್ಯಾಹ್ನಗಳಲ್ಲೂ 'ಮನೆ' ಎಂಬ ಹೆಸರು, ಮನೆಯೊಳಗಿನ ವಿಳಾಸ. ವಿಳಾಸದ ಕೊನೆಯ ಅಂಕಿಯನ್ನು ನೋಡಿದ್ದರೆ ಅದು ಗೋಡೆಯ ಟ್ಯಾಬ್‌ನದಲ್ಲ, ದ್ವಾರಪಾಲಕನದು ಎಂದು ಆ ಕ್ಷಣವೇ ತಿಳಿಯುತ್ತಿತ್ತು. ಎರಡೂ ಅಂಕಿಗಳನ್ನು ಕೊಟ್ಟವನು ನಾನೇ. ನೋಡಲಿಲ್ಲ. ಎದುರಿಗೆ ಇನ್ನೊಬ್ಬ ಗಿರಾಕಿ ಕೂತಿದ್ದರು, ನನ್ನ ವ್ಯವಸ್ಥೆಯೊಳಗೆ ಹೊರಗಿನವರು ಬರಬಹುದೇ ಎಂಬ ಪ್ರಶ್ನೆಯೇ ನನಗೆ ಅವಮಾನದಂತೆ ಕಂಡಿತ್ತು.

"ಹೊರಗಿನಿಂದ ಅಲ್ಲ ಮೇಡಂ, ಒಳಗಿನಿಂದಲೇ" ಎಂದೆ. "ಲಾಗ್ ಸುಳ್ಳು ಹೇಳುವುದಿಲ್ಲ. ಆ ಹೊತ್ತಿಗೆ ಮನೆಯ ಕೀ ಯಾರ ಹತ್ತಿರ ಉಂಟು ಅಂತ ನಿಮಗೆ ಗೊತ್ತಲ್ವಾ?"

ಅವರು ಅತ್ತರು ಎಂದು ತೋರುತ್ತದೆ. ಕೀಯನ್ನು ಅಕ್ಕನಿಂದ ತೆಗೆದುಕೊಂಡು ಎದುರುಮನೆಯಲ್ಲಿ ಕೊಡಬಹುದಾ ಎಂದು ನನ್ನನ್ನೇ ಕೇಳಿದರು. ನಾನು ಒಪ್ಪಿದೆ.

ಮಾರನೆಯ ಬೆಳಿಗ್ಗೆ ಹೋದೆ. ಅಕ್ಕ ಗೇಟಿನ ಬಳಿ ಗಿಡಕ್ಕೆ ನೀರು ಬಿಡುತ್ತಿದ್ದರು. ಎದುರುಮನೆಯ ಯಜಮಾನಿ, ಪಕ್ಕದ ಮನೆಯವರು, ಮೀನು ಮಾರುವ ಹೆಂಗಸು ಎಲ್ಲರೂ ಓಣಿಯಲ್ಲೇ ಇದ್ದರು. ಅಕ್ಕನನ್ನು ಒಳಗೆ ಕರೆದು ಹೇಳಬಹುದಿತ್ತು. ನಾನು ಅಲ್ಲಿಯೇ ನಿಂತು ಹೇಳಿದೆ.

"ಅಕ್ಕ, ಮಧ್ಯಾಹ್ನ ಮೇಲಿನ ಕೋಣೆಯಲ್ಲಿ ಏಸಿ ಹಾಕಿಕೊಂಡು ಮಲಗುತ್ತೀರಂತೆ? ಗೇಟು ತೆರೆದು ಯಾರನ್ನು ಕರೆಸುತ್ತಿದ್ದೀರಿ?"

ಅವರು ಪೈಪನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. ನೀರು ಅವರ ಕಾಲಿನ ಮೇಲೆಯೇ ಬೀಳುತ್ತಿತ್ತು.

"ಎಂತ ಹೇಳ್ತೀರಿ ಅಣ್ಣ? ನಾನು ಮುಟ್ಟಲಿಲ್ಲ. ಹನ್ನೆರಡೂವರೆ ಬಸ್ಸಿಗೆ ನಾನು ಹೋಗುವುದಲ್ವಾ?"

"ಲಾಗ್‌ನಲ್ಲಿ ಉಂಟು ಅಕ್ಕ. ಮನೆಯೊಳಗಿನಿಂದಲೇ ಒತ್ತಿದ್ದು. ಮೆಷಿನ್‌ಗೆ ನಿಮ್ಮ ಮೇಲೆ ಹಗೆ ಎಂತ ಉಂಟು?"

ಇಷ್ಟು ಜೋರಾಗಿ, ಇಷ್ಟು ಚಂದವಾಗಿ ಹೇಳಿದೆ. ಅಕ್ಕ ನಲ್ಲಿ ನಿಲ್ಲಿಸಿದರು, ಪೈಪು ಸುತ್ತಿ ಇಟ್ಟರು, ಸೊಂಟದಿಂದ ಕೀ ತೆಗೆದು ಗೇಟಿನ ಕಂಬದ ಮೇಲೆ ಇಟ್ಟರು. ನನ್ನ ಕೈಗೆ ಕೊಡಲಿಲ್ಲ. ಬುತ್ತಿಯ ಚೀಲ ಹಿಡಿದು ಬಸ್ ಸ್ಟ್ಯಾಂಡಿನ ಕಡೆಗೆ ನಡೆದರು. ನಾನು ಕೀಯನ್ನು ಎದುರುಮನೆಯಲ್ಲಿ ಕೊಟ್ಟೆ, ಅಲ್ಲಿ ಕೇಳಿದವರಿಗೆ ಇನ್ನೊಮ್ಮೆ ವಿವರಿಸಿದೆ.

ಅದಾದ ಮೇಲೆ ಹೊಸ ದೂರು ಬರಲಿಲ್ಲ, ನಾನು ಆ ವಿಷಯವನ್ನು ಮರೆತೇಬಿಟ್ಟೆ. ಒಂದು ತಿಂಗಳ ನಂತರ ಮಣಿಪಾಲದಲ್ಲೇ ಒಬ್ಬ ಡಾಕ್ಟರರ ಫ್ಲ್ಯಾಟಿಗೆ ಹೋಗಿದ್ದೆ. ಅವರಿಗೂ ಇಂಥದೇ ವ್ಯವಸ್ಥೆ ಬೇಕಿತ್ತು. ಎಂದಿನ ಹರಿಕಥೆ ಮುಗಿಸಿ, "ಹೊರಗಿನಿಂದ ಹೇಗೆ ಕಾಣುತ್ತದೆ ನೋಡಿ, ಇದು ನಾನು ಕಾಪುವಿನಲ್ಲಿ ಮಾಡಿದ ಮನೆ" ಎಂದು ಅದರ ನೆಟ್ಟಿನ ಹೆಸರು ಹೇಳಿದೆ. ಲಾಗಿನ್ ಪುಟವನ್ನು ಮಾತ್ರ ತೋರಿಸುವುದು ನನ್ನ ಉದ್ದೇಶ. ನನ್ನ ಫೋನಿನಲ್ಲಿ ಯಾವಾಗಲೂ ಲಾಗಿನ್ ಆಗಿಯೇ ಇರುತ್ತದಾದ್ದರಿಂದ ಅವರದೇ ಫೋನಿನಲ್ಲಿ ಹಾಕಲು ಹೇಳಿದೆ.

ಅವರು ಹಾಕಿದರು. 'ಮನೆ' ಎಂಬ ಹೆಸರು ಬಂತು. ಒತ್ತಿದರು. ಗೇಟು, ಪಂಪು, ಲೈಟು, ಏಸಿ ಎಲ್ಲ ಅವರ ಅಂಗೈಯಲ್ಲಿ.

"ಪಾಸ್‌ವರ್ಡ್ ಎಂತ ಬೇಡವಾ ಇದಕ್ಕೆ?" ಎಂದು ಅವರು ಕೇಳಿದರು. ವ್ಯಂಗ್ಯ ಮಾಡಲಿಲ್ಲ, ನಿಜವಾಗಿಯೇ ಕೇಳಿದರು.

ಕೆಲವು ಕ್ಷಣಗಳಲ್ಲೇ ಎಲ್ಲ ತಿಳಿಯಿತು. ಅಳಿಸಿದ ಎರಡು ಸಾಲು, ಟ್ಯಾಬ್‌ನ ನಿಯಮ, ಹೊಸ ಫೋನಿನ ಧ್ವನಿ ಸಂದೇಶ, ಕೊನೆಗೆ ಕಂಬದ ಮೇಲಿಟ್ಟ ಕೀ. ಡಾಕ್ಟರರಿಗೆ ಏನೋ ಸಬೂಬು ಹೇಳಿ ಕೆಳಗಿಳಿದೆ. ಸ್ಕೂಟರಿನ ಮೇಲೆ ಕೂತಲ್ಲೇ ಫೋನಿನಿಂದ ಆ ಮನೆಯ ಪೋರ್ಟ್ ಮುಚ್ಚಿದೆ.

ಅದೇ ಸಂಜೆ ಕಾಪುವಿಗೆ ಹೋಗಿ, ಎದುರುಮನೆಯಿಂದ ಕೀ ಪಡೆದು, ದ್ವಾರಪಾಲಕನ ಸ್ವಂತ ದಾಖಲೆ ತೆರೆದೆ. ಹಬ್‌ಗೆ ಚೀಟಿ ಕೊಡುವುದನ್ನು ನಾನು ನಿಲ್ಲಿಸಿದ್ದರೂ, ಬಂದವರ ನಿಜವಾದ ವಿಳಾಸವನ್ನು ಅದು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಲೇ ಇತ್ತು. ಏಸಿ ಓಡಿದ ಮಧ್ಯಾಹ್ನಗಳು, ಗೇಟು ತೆರೆದ ಮಧ್ಯಾಹ್ನ, ಎಲ್ಲವೂ ನಿಮಿಷ ಸಮೇತ ಅದರಲ್ಲಿ ಇದ್ದವು. ವಿಳಾಸಗಳು ನಮ್ಮ ದೇಶದವೂ ಅಲ್ಲ. ಯಾರೋ, ಎಲ್ಲೋ, ಬೇಸರ ಕಳೆಯಲು ಒತ್ತಿ ನೋಡಿದ್ದಾರೆ. ಅವರು ಯಾರೆಂದು ಎಂದೂ ಗೊತ್ತಾಗುವುದಿಲ್ಲ. ಆದರೆ ಅಕ್ಕ ಅಲ್ಲ ಎಂಬುದಕ್ಕೆ ಸಾಕ್ಷಿ ಮೊದಲ ದಿನದಿಂದಲೂ ಹಬ್‌ನ ಪಕ್ಕದಲ್ಲೇ, ಅದೇ ಶೆಲ್ಫಿನಲ್ಲಿತ್ತು. ನಾನು ತೆರೆದಿರಲಿಲ್ಲ.

ಕೀ ವಾಪಸ್ಸು ಕೊಡಲು ಎದುರುಮನೆಗೆ ಹೋದಾಗ ಅಂಗಳದಲ್ಲಿ ಬೇರೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಅಕ್ಕ ಇಲ್ಲಿಗೂ ಬರುವುದಿಲ್ಲವೇ ಎಂದು ಕೇಳಿದೆ. "ಅವರನ್ನು ಬಿಡಿಸಿದೆವು. ನೀವೇ ಅಲ್ವಾ ಕಂಪ್ಯೂಟರಿನಲ್ಲಿ ಕಂಡುಹಿಡಿದದ್ದು? ಪಕ್ಕದ ಮನೆಯವರೂ ಬಿಡಿಸಿದರು. ಇನ್ನು ಯಾರು ನಂಬುತ್ತಾರೆ ಮಾರಾಯ್ರೆ" ಎಂದರು ಯಜಮಾನಿ. ನಾನು ಆಗಲೇ, ಅಲ್ಲಿಯೇ ಹೇಳಬೇಕಿತ್ತು. ಬಾಯಿ ತೆರೆದೆ, ಆದರೆ ಬಂದದ್ದು "ಹೌದಾ" ಎಂಬ ಒಂದೇ ಮಾತು.

ನಾಚಿಕೆಗೇಡಿನ ಭಾಗ ಇದು, ಇನ್ನೂ ಮುಗಿದಿಲ್ಲ. ಅಂದು ರಾತ್ರಿ ಮನೆಯೊಡತಿಗೆ ಸಂದೇಶ ಬರೆದೆ: "ಸುರಕ್ಷತೆಯ ದೃಷ್ಟಿಯಿಂದ ನಿಮ್ಮ ವ್ಯವಸ್ಥೆಯನ್ನು ರಿಲೇ ಸೇವೆಗೆ ಬದಲಾಯಿಸಿದ್ದೇನೆ. ಮನೆಯೊಳಗೆ ಎಲ್ಲ ಮೊದಲಿನಂತೆ ಹಬ್‌ನಿಂದಲೇ ನಡೆಯುತ್ತದೆ." ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅವರು ಧನ್ಯವಾದ ಹೇಳಿದರು. ನಾನು ಹತ್ತು ದಿನ ಸುಮ್ಮನಿದ್ದೆ. ಊಟಕ್ಕೆ ಕೂತರೆ ಸೇರುತ್ತಿರಲಿಲ್ಲ. ಹೆಂಡತಿ ಕೇಳಿದರೆ ಅವಳ ಮೇಲೆ ಹರಿಹಾಯುತ್ತಿದ್ದೆ. ಈ ವಿಷಯ ಹೊರಬಿದ್ದರೆ ಅಂಗಡಿ ಉಳಿಯುತ್ತದೆಯೇ ಎಂಬುದೇ ನನ್ನ ಚಿಂತೆಯಾಗಿತ್ತು. ಅಕ್ಕನ ಕೆಲಸ ಹೋದದ್ದು ಆ ಚಿಂತೆಯಲ್ಲಿ ಎರಡನೆಯ ಸ್ಥಾನದಲ್ಲಿತ್ತು. ಇದನ್ನು ಬರೆಯಲು ಕೈ ಹಿಂಜರಿಯುತ್ತಿದೆ, ಆದರೆ ನಿಜ ಅದೇ.

ಹನ್ನೊಂದನೆಯ ದಿನ ಉಚ್ಚಿಲದಲ್ಲಿ ಒಂದು ಕೆಲಸವಿತ್ತು. ಅದನ್ನು ಮುಗಿಸಿ ಸ್ಕೂಟರನ್ನು ಎರ್ಮಾಳಿಗೆ ತಿರುಗಿಸಿದೆ. ಅಕ್ಕ ಮನೆಯ ಮುಂದೆ ಬಲೆಯ ಮೇಲೆ ಮೀನು ಒಣಹಾಕುತ್ತಿದ್ದರು. ನನ್ನನ್ನು ಕಂಡು ಏಳಲಿಲ್ಲ, ಕೂರಲೂ ಹೇಳಲಿಲ್ಲ. ನಿಂತೇ ಎಲ್ಲ ಹೇಳಿದೆ. ಚೀಟಿ, ದ್ವಾರಪಾಲಕ, ನಿಯಮ ಎಲ್ಲವನ್ನೂ ಹೇಳಿದೆ. ಅವರು ಮೀನು ಮಗುಚುತ್ತ ಕೇಳಿಸಿಕೊಂಡರು.

"ಹಾಗಾದರೆ ನಾನಲ್ಲ ಅಂತ ನಿಮಗೆ ಗೊತ್ತಾಯಿತು" ಎಂದರು.

"ಹೌದು ಅಕ್ಕ."

"ಯಾವಾಗ ಗೊತ್ತಾಯಿತು?"

ನಿನ್ನೆ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಅದೇ ಬಂದಿತ್ತು.

"ಹನ್ನೊಂದು ದಿನ ಆಯಿತು."

ಅವರ ಕೈ ನಿಂತಿತು. "ಹನ್ನೊಂದು ದಿನ" ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. ಒಳಗಿನಿಂದ ಗಂಡ ಯಾರೆಂದು ಕೇಳಿದರು. "ಯಾರೂ ಅಲ್ಲ" ಎಂದರು.

ಆಮೇಲೆ ನನ್ನಿಂದಲೇ ಮಸ್ಕತ್ತಿಗೆ ಫೋನು ಮಾಡಿಸಿದರು. ಸ್ಪೀಕರ್ ಹಾಕಿಸಿದರು. ನಾನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಬಳಿಕ ಮನೆಯೊಡತಿ ನನ್ನೊಡನೆ ಮಾತಾಡದೆ, "ಅಕ್ಕ, ನನ್ನನ್ನು ಕ್ಷಮಿಸಿ. ನಿಮ್ಮನ್ನು ಒಂದು ಮಾತು ನೇರ ಕೇಳಬೇಕಿತ್ತು. ನಾಳೆಯಿಂದಲೇ ಬನ್ನಿ, ಮನೆ ನಿಮ್ಮದೇ" ಎಂದರು.

"ಬಾಯಮ್ಮ, ನಿಮ್ಮ ಮೇಲೆ ಸಿಟ್ಟಿಲ್ಲ" ಎಂದರು ಅಕ್ಕ; ಮನೆಯೊಡತಿಯನ್ನು ಅವರು ಕರೆಯುವುದು ಹಾಗೆ. "ಆದರೆ ಆ ಮನೆಗೆ ನಾನು ಬರುವುದಿಲ್ಲ. ನನಗೆ ಉಳಿದ ಎರಡು ಮನೆ ಬೇಕು. ಅದಕ್ಕೆ ಇವರು ನನ್ನ ಜೊತೆ ಬಂದು ಹೇಳಬೇಕು. ಓಣಿಯಲ್ಲಿ ಹೇಳಿದ್ದನ್ನು ಓಣಿಯಲ್ಲೇ ಹೇಳಲಿ."

ಸ್ಕೂಟರಿನಲ್ಲಿ ಬನ್ನಿ ಎಂದೆ. ಅವರು ಬಸ್ಸಿನಲ್ಲಿ ಬಂದರು. ಕಾಪುವಿನ ಸ್ಟ್ಯಾಂಡಿನಲ್ಲಿ ನಾನು ಕಾದು ನಿಂತೆ. ಅವರು ಸೀರೆ ಬದಲಿಸಿದ್ದರು, ತಲೆ ಬಾಚಿದ್ದರು.

ಮೊದಲು ಎದುರುಮನೆ. ಯಜಮಾನಿ ಬಾಗಿಲಿಗೆ ಬಂದರು, ಹಿಂದಿನಿಂದ ಅವರ ಅತ್ತೆಯೂ ಇಣುಕಿದರು.

"ಅಂದು ನಾನು ಅಕ್ಕನ ಬಗ್ಗೆ ಹೇಳಿದ್ದು ಸರಿ ಅಲ್ಲ. ಏಸಿ ಹಾಕಿದ್ದು ಹೊರಗಿನವರು, ನೆಟ್‌ನಿಂದ. ಮೆಷಿನ್ ತಪ್ಪು ತೋರಿಸಿತ್ತು" ಎಂದೆ.

"ಅಯ್ಯೋ, ಈ ಮೆಷಿನ್‌ಗಳನ್ನು ನಂಬಲಿಕ್ಕೇ ಆಗುವುದಿಲ್ಲ ನೋಡಿ" ಎಂದು ಅವರು ನಕ್ಕರು. "ನಮಗೆ ಅಂದೇ ಅನಿಸಿತ್ತು, ಇವರು ಹಾಗೆ ಮಾಡುವವರಲ್ಲ ಅಂತ." ಒಳಗೆ ಬನ್ನಿ, ಚಹಾ ಮಾಡುತ್ತೇನೆ ಎಂದರು. ಇಷ್ಟೇ ತಾನೆ ಎಂದುಕೊಂಡು ನಾನೂ ಸ್ವಲ್ಪ ನಕ್ಕೆ.

ಅಕ್ಕ ನಗಲಿಲ್ಲ. ಚಹಾ ಬೇಡವೆಂದು ಕೆಳಗಿಳಿದರು. ನಾನು ಹಿಂದೆಯೇ ಬಂದೆ. ಪಕ್ಕದ ಮನೆಯ ಕಡೆಗೆ ಹೋಗುತ್ತಾರೆ ಎಂದುಕೊಂಡರೆ ಓಣಿಯ ನಡುವೆ ನಿಂತರು.

"ಅಣ್ಣ, ಆ ಮೆಷಿನ್‌ನಲ್ಲಿ ನನ್ನ ಹೆಸರು ಇತ್ತಾ?"

"ಇಲ್ಲ."

"ನನ್ನ ಫೋಟೋ ಇತ್ತಾ?"

"ಇಲ್ಲ ಅಕ್ಕ. ಅಂಕಿಗಳು ಮಾತ್ರ."

"ಮತ್ತೆ ಅದು ನಾನು ಅಂತ ಹೇಳಿದ್ದು ಯಾರು?"

ಎದುರುಮನೆಯ ಬಾಗಿಲು ಇನ್ನೂ ತೆರೆದೇ ಇತ್ತು. ಅತ್ತೆ ಸೊಸೆ ಇಬ್ಬರೂ ಅಲ್ಲಿಂದಲೇ ನಮ್ಮನ್ನು ನೋಡುತ್ತಿದ್ದರು. ಅಕ್ಕ ತಿರುಗಿ ಅದೇ ಮೆಟ್ಟಿಲ ಹತ್ತಿರ ಹೋಗಿ ನಿಂತು, ನಾನು ಬರುವುದನ್ನು ಕಾದರು. ನಾನು ಹೋದೆ. ಎರಡನೆಯ ಸಲ ಅದೇ ಬಾಗಿಲ ಮುಂದೆ ನಿಂತು, "ಮೆಷಿನ್ ಯಾರ ಹೆಸರನ್ನೂ ಹೇಳಿರಲಿಲ್ಲ. ಬಾಗಿಲು ತೆರೆದಿಟ್ಟದ್ದು ನಾನು. ಅಕ್ಕ ಅಂತ ಹೇಳಿದ್ದೂ ನಾನೇ" ಎಂದೆ.

ಈ ಸಲ ಯಾರೂ ನಗಲಿಲ್ಲ, ಚಹಾಕ್ಕೂ ಕರೆಯಲಿಲ್ಲ. ಅಕ್ಕ ಪಕ್ಕದ ಮನೆಯ ಕಡೆಗೆ ನಡೆದರು.